ಹಿಂದಿ ಕಾರ್ಡಿನಲ್ಲಿ ಲಕ್ಕಮ್ಮನ ಜಾಗ

ಮಲ್ಲಿಪಟ್ಟಣದ ಲಕ್ಕಮ್ಮನಿಗೆ ಹಿಂದಿಯ ಒಂದಕ್ಷರವೂ ಬರುವುದಿಲ್ಲ. ಕನ್ನಡವನ್ನೇ ಬೆರಳಿಟ್ಟು, ತುಟಿ ಅಲ್ಲಾಡಿಸಿಕೊಂಡು ಓದುವವಳು. ಮೂರನೇ ಕ್ಲಾಸಿನಲ್ಲಿದ್ದಾಗ ತಮ್ಮ ಹುಟ್ಟಿದ. ತೊಟ್ಟಿಲು ತೂಗಲು ಒಬ್ಬರು ಬೇಕಾಯಿತು, ಸ್ಕೂಲು ಅಲ್ಲಿಗೆ ಮುಗಿಯಿತು. ಅಂಥವಳು ಮಗಳ ಮದುವೆಯ ಹಿಂದಿ ಕಾರ್ಡಿನ ಪ್ರೂಫನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಮಳೆ ಬಂದರೆ ನೆನೆದೀತೆಂದು ಸೆರಗಿನಡಿ ಅವುಚಿಕೊಂಡು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ಬಸ್ಸು ಹತ್ತಿ ಇಳಿಯುತ್ತಿದ್ದಳು.

ಇದಕ್ಕೆ ಕಾರಣ ಅವಳ ಬಾವ ಚನ್ನಪ್ಪ. ಗಂಡನ ಅಣ್ಣ, ಮನೆಯ ಹಿರಿಯ. "ನಿಂಗೆ ಬಸ್ ಫ್ರೀ ಅಲ್ವೇನವ್ವಾ? ನೀನೇ ಓಗಿ ಮೇಷ್ಟ್ರ ತಾವ ತಿದ್ದಿಸ್ಕಂಡು ಬಾ" ಎಂದು ಹೇಳಿ ಅವನು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಕಡೆ ಹೊರಟುಬಿಟ್ಟಿದ್ದ.

ಹಿಂದಿ ಕಾರ್ಡು ಯಾಕೆಂದರೆ ಗಂಡು ಹಿಂದಿಯವನು, ಅವನ ಕಡೆಯವರಿಗೂ ಹೆಣ್ಣಿನ ಮನೆಯಿಂದ ಕಾರ್ಡು ಕೊಡಬೇಕು. ಲಕ್ಕಮ್ಮನ ಒಬ್ಬಳೇ ಮಗಳು ನಿಸರ್ಗ, ಬ್ಯಾಂಕಿನ ಪರೀಕ್ಷೆ ಪಾಸು ಮಾಡಿದಾಗ, ಇಲ್ಲೇ ಹಾಸನಕ್ಕೋ ಸಕಲೇಶಪುರಕ್ಕೋ ಹಾಕುತ್ತಾರೆ ಎಂದುಕೊಂಡಿದ್ದರೆ, ಮಧ್ಯಪ್ರದೇಶದ ಸತ್ನಾಕ್ಕೆ ಹಾಕಿದರು. ಅಲ್ಲಿ ಅದೇ ಬ್ರಾಂಚಿನ ರಜನೀಶ್ ಪಟೇಲ್ ಎಂಬ ಹುಡುಗ. ಅವರೂ ಬೇಸಾಯದವರೇ, ಗೋಧಿ ಕಡಲೆ ಬೆಳೆಯುವವರು. ನಿಶ್ಚಿತಾರ್ಥ ಅವರ ಊರಿನಲ್ಲಾಯಿತು. ಚನ್ನಪ್ಪ, ಅವನ ಹೆಂಡತಿ ರೇವಮ್ಮ ಇಬ್ಬರೂ ರೈಲಿನಲ್ಲಿ ಹೋಗಿ ಬಂದರು. ಸೀಮೆಹಸು ಕರು ಹಾಕುವುದರಲ್ಲಿತ್ತು, "ಅದ್ನ ಯಾರ ಮ್ಯಾಲೆ ಬುಟ್ಟೋಗದು?" ಎಂದು ರೇವಮ್ಮ ಕೇಳಿದಳು. ಉತ್ತರ ಲಕ್ಕಮ್ಮನೇ ಆಗಿದ್ದಳು. ಮಗಳ ನಿಶ್ಚಿತಾರ್ಥದ ದಿನ ಅವಳು ಮೊಣಕೈವರೆಗೆ ಲೋಳೆ ಮೆತ್ತಿಕೊಂಡು ಕರು ಎಳೆಯುತ್ತಿದ್ದಳು. ರಜನೀಶ್ ಆಮೇಲೆ ಫೋನಿನಲ್ಲಿ ಮುಖ ತೋರಿಸಿ "ಅಮ್ಮಾ, ಊಟ ಆಯ್ತಾ?" ಎಂದು ಕಲಿತ ಕನ್ನಡದಲ್ಲಿ ಕೇಳಿದ. ಅಷ್ಟರಲ್ಲೇ ಅವಳು ಸೋತುಹೋದಳು.

ಕನ್ನಡದ ಕಾರ್ಡು ಮೊದಲೇ ಅಚ್ಚಾಗಿ ಊರೂರು ಹಂಚಿಯೂ ಆಗಿತ್ತು. ಅದರಲ್ಲಿ ಸುಖಾಗಮನ ಬಯಸುವವರು ಚನ್ನಪ್ಪ ದಂಪತಿ. ಹುಡುಗಿ 'ನನ್ನ ತಮ್ಮನಾದ ದಿವಂಗತ ಜವರಪ್ಪನವರ ಸುಪುತ್ರಿ'. ಲಕ್ಕಮ್ಮನ ಹೆಸರು ಎಲ್ಲೂ ಇರಲಿಲ್ಲ. ಬೆರಳಿಟ್ಟು ಮೇಲಿನಿಂದ ಕೆಳಗೆ, ಹಿಂದೆ ಮುಂದೆ, ಬಸ್ಸಿನ ಮಾರ್ಗ ಬರೆದ ಸಾಲಿನವರೆಗೆ ಓದಿ ನೋಡಿದ್ದಳು. ಕೇಳಿದ್ದಕ್ಕೆ ಚನ್ನಪ್ಪ, "ಧಾರೆ ಎರ‍್ಯೋರ ಎಸ್ರು ಇದ್ರೆ ಆಯ್ತಲ್ವಾ? ನೀನು ಉಡ್ಗಿ ತಾಯಿ ಅಂತ ಯಾರ‍್ಗೆ ಗೊತ್ತಿಲ್ಲ ಏಳು" ಎಂದ. ಅದೂ ನಿಜವೇ. ಸುತ್ತಲ ಊರಿನಲ್ಲಿ ಅವಳನ್ನು ಅರಿಯದವರಿಲ್ಲ.

ಆದರೆ ಆಸೆ ಎಂಬುದು ಸುಮ್ಮನಿರುವುದೇ? ಜವರಪ್ಪ ಆಲೂಗಡ್ಡೆ ಲೋಡಿನ ಜೊತೆ ಹಾಸನಕ್ಕೆ ಹೋದವನು ಮಂಡಿಯ ಮೂಟೆಗೊರಗಿ ಕೂತು, ಮತ್ತೆ ಏಳಲಿಲ್ಲ. ಆಗ ನಿಸರ್ಗ ಇನ್ನೂ ಎರಡು ಜಡೆ ಹಾಕುವ ಹುಡುಗಿ. ಅವತ್ತಿನಿಂದ ಡೇರಿಗೆ ಹಾಲು ಹಾಕಿ, ಹೊಗೆಸೊಪ್ಪನ್ನು ದಾರದಿಂದ ಕಡ್ಡಿಗೆ ಕಟ್ಟಿ, ಬೆಳಗಿನ ಜಾವ ಕಾಫಿ ಕಾಯಿಸಿಟ್ಟು "ಏಳು ಮಗಾ, ಓದ್ಕೋ" ಎಂದು ಎಬ್ಬಿಸಿದವಳು ತಾನು. ಹೆತ್ತವಳ ಹೆಸರು ಮಗಳ ಲಗ್ನಪತ್ರಿಕೆಯಲ್ಲಿ ಒಂದು ಸಲ ಇರಲಿ ಎಂಬುದು ದೊಡ್ಡ ಆಸೆಯೇ? ನಿಸರ್ಗಳೂ ಫೋನಿನಲ್ಲಿ ಜಗಳ ಮಾಡಿದ್ದಳು. "ಅವ್ವ, ಕನ್ನಡದ್ದು ಹೋಗ್ಲಿ. ಹಿಂದಿ ಕಾರ್ಡಲ್ಲಿ ನಿನ್ ಹೆಸರು ಹಾಕ್ಲೇಬೇಕು, ದೊಡ್ಡಪ್ಪಂಗೆ ಹೇಳಿದ್ದೀನಿ." ದೊಡ್ಡಪ್ಪ "ನೋಡುವ" ಎಂದಿದ್ದ. ಅವನ "ನೋಡುವ" ಎಂದರೆ ಏನೆಂದು ಲಕ್ಕಮ್ಮನಿಗೆ ಗೊತ್ತಿತ್ತು. ಆದರೂ ಹಿಂದಿ ಕಾರ್ಡು ಇನ್ನೂ ಅಚ್ಚಾಗಿರಲಿಲ್ಲ.

ಹಿಂದಿಯಲ್ಲಿ ಅಚ್ಚು ಹಾಕುವ ಪ್ರೆಸ್ಸು ಚನ್ನರಾಯಪಟ್ಟಣದಲ್ಲಿತ್ತು. ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಿಗೆ ಲಾಡ್ಜುಗಳವರು ಹಂಚುವ ಹಿಂದಿ ಕರಪತ್ರಗಳೆಲ್ಲ ಅಲ್ಲೇ ತಯಾರು. ನಡೆಸುವವನು ಶಶಿಕುಮಾರ್. ಅವನಿಗೂ ಹಿಂದಿ ಓದಲು ಬರುವುದು ಅಷ್ಟಕ್ಕಷ್ಟೇ; ಅಕ್ಷರದ ಆಕಾರ ನೋಡಿ ಕೀಲಿ ಒತ್ತುತ್ತಾನೆ. ಆದ್ದರಿಂದ ಅವನದೊಂದು ಕಟ್ಟುನಿಟ್ಟು: "ಹಿಂದಿ ಬಲ್ಲೋರ ಹತ್ರ ಪ್ರೂಫ್ ತಿದ್ದಿಸ್ಕೊಂಡು ಬನ್ನಿ. ಆರ್ಡರ್ ಕೊಟ್ಟೋರು ಸೈನ್ ಹಾಕಿ. ಆಮೇಲೆ ತಪ್ಪು ಬಂತು ಅಂದ್ರೆ ನಾನು ಜವಾಬ್ದಾರಿ ಅಲ್ಲ."

ಹಿಂದಿ ಬಲ್ಲವರೆಂದರೆ ಶಾಂತರಾಜು ಮೇಷ್ಟ್ರು. ಮಲ್ಲಿಪಟ್ಟಣದ ಹೈಸ್ಕೂಲಿನಲ್ಲಿ ನಿಸರ್ಗಳಿಗೆ ಹಿಂದಿ ಕಲಿಸಿದವರು. ರಿಟೈರಾಗಿ ಹೊಳೆನರಸೀಪುರದಲ್ಲಿ ಮನೆ ಕಟ್ಟಿಕೊಂಡಿದ್ದರು. ಕಣ್ಣಿಗೆ ಪೊರೆ ತೆಗೆಸಿದ ಮೇಲೆ ಮೊಬೈಲಿನಲ್ಲಿ ಏನನ್ನೂ ಓದುತ್ತಿರಲಿಲ್ಲ. ಕಾಗದ ಬೇಕು, ಕೆಂಪು ಪೆನ್ನು ಬೇಕು, ಎದುರಿಗೊಬ್ಬರು ಕೂತು ಕೇಳಿಸಿಕೊಳ್ಳಬೇಕು.

ಮೊದಲನೇ ಸಲ ಲಕ್ಕಮ್ಮ ಹೋದಾಗ ಮೇಷ್ಟ್ರು ಜಗಲಿಯಲ್ಲಿ ಕೂತು ಪ್ರೂಫ್ ಬಿಡಿಸಿದರು. ಬಿಡಿಸಿದವರೇ ಹಣೆ ಚಚ್ಚಿಕೊಂಡರು.

"ಅಯ್ಯೋ ರಾಮ! ಇದು ಲಗ್ನಪತ್ರಿಕೆನೋ, ಹೊಲಕ್ಕೆ ಬಿದ್ದ ಹಂದಿ ಹೆಜ್ಜೆನೋ?"

"ಯಾಕ್ ಸಾ, ಏನಾಯ್ತು?"

"ನೋಡಿ ಇಲ್ಲಿ, 'ಆಶೀರ್ವಾದ'. ಹಿಂದಿಯಲ್ಲಿ ಅರ್ಕಾವತ್ತು ಅನ್ನೋದು ತಲೆ ಮೇಲಿನ ಕೊಕ್ಕೆ. ಅದು 'ವಾ' ಮೇಲೆ ಕೂರಬೇಕು. ನಿಮ್ಮ ಪ್ರೆಸ್ಸಿನವನು 'ಶೀ' ಮೇಲೆ ಕೂರಿಸಿದ್ದಾನೆ. 'ಶ್ರೀಮತೀ'. ಕೊನೆಯ 'ತಿ' ನಮ್ಮಲ್ಲಿ ಗಿಡ್ಡ, ಅವರಲ್ಲಿ ಉದ್ದ. ಇವನು ಎಲ್ಲ ಕಡೆ ಗಿಡ್ಡ ಮಾಡಿದ್ದಾನೆ. ತಾರೀಖು ಇಂಗ್ಲಿಷ್ ಅಂಕಿಯಲ್ಲಿ, ಮುಹೂರ್ತ ಹಿಂದಿ ಅಂಕಿಯಲ್ಲಿ! ಎರಡು ಬೇರೆ ಬೇರೆ ಮದುವೆನಾ? ಒಂದು ಸಾಲಿನ ಕೊನೆಗೆ ಚುಕ್ಕಿ, ಇನ್ನೊಂದು ಸಾಲಿಗೆ ನಿಲುಗೆರೆ. ನಿಮ್ಮ ಬಾವನ ಹೆಸರು ಮೇಲೆ 'ಚನ್ನಪ್ಪ', ಕೆಳಗೆ 'ಚನ್ನಪ್ಪಾ'. ದೀರ್ಘ ಹಾಕದಿದ್ದರೆ ಅವರು 'ಚನ್ನಪ್' ಅಂತ ಓದಿಬಿಡ್ತಾರೆ."

ಕೆಂಪು ಪೆನ್ನು ಓಡಿತು. ಸುತ್ತು ಹಾಕಿ, ಅಂಚಿಗೆ ಗೆರೆ ಎಳೆದು, ಅಲ್ಲಿ ಸರಿಯಾದದ್ದನ್ನು ಬರೆಯುವುದು. ನೋಡನೋಡುತ್ತ ಕಾಗದ ತಟ್ಟೆಯ ತುಂಬ ಹರಡಿದ ಕುಂಕುಮದಂತಾಯಿತು. ಹಳ್ಳಿಗಳ ಹೆಸರು ಬಂದಾಗ ಒಂದೊಂದನ್ನೂ ಅವಳ ಬಾಯಲ್ಲಿ ಹೇಳಿಸಿ, ಕಿವಿಗೊಟ್ಟು ಕೇಳಿ ಬರೆದುಕೊಂಡರು.

ಆಮೇಲೆ ಸತ್ನಾದವರು ಮಾದರಿಗೆಂದು ಕಳಿಸಿದ್ದ, ಅವರ ಮನೆಯ ಯಾವುದೋ ಹಳೆಯ ಮದುವೆಯ ಕಾರ್ಡನ್ನು ಪಕ್ಕಕ್ಕಿಟ್ಟುಕೊಂಡು ಹೋಲಿಸಿದರು. ಪೆನ್ನು ನಿಂತಿತು.

"ಲಕ್ಕಮ್ಮ, ಹುಡುಗಿ ಹೆಸರಿನ ಕೆಳಗೆ ತಂದೆತಾಯಿ ಇಬ್ಬರ ಹೆಸರೂ ಹಾಕೋದು ಅವರ ಪದ್ಧತಿ. ತೀರಿಕೊಂಡವರಾದರೆ ಹಿಂದೆ 'ಸ್ವ.' ಅಂತ ಸೇರಿಸ್ತಾರೆ. ಸ್ವರ್ಗೀಯ ಅಂತ, ನಮ್ಮ ದಿವಂಗತ ಇದ್ದಂಗೆ. ಇಲ್ಲಿ ಜವರಪ್ಪನವರು ಇದ್ದಾರೆ, ನೀವಿಲ್ಲ."

ಲಕ್ಕಮ್ಮ ಕಾಗದದ ಮೇಲೆ ಬಗ್ಗಿದಳು. "ಆಕಿ ಸಾ. ಅಲ್ಲಿ ಆಕಬೋದಾ?"

"ಹಾಕಬಹುದಾ ಏನು, ಹಾಕಬೇಕು" ಎಂದು ಮೇಷ್ಟ್ರು ಬರೆದೇಬಿಟ್ಟರು. ಬರೆದದ್ದನ್ನು ಕನ್ನಡದ ರಾಗದಲ್ಲಿ ಓದಿದರು: "ಸುಪುತ್ರೀ ಸ್ವರ್ಗೀಯ ಶ್ರೀ ಜವರಪ್ಪಾ ಏವಂ ಶ್ರೀಮತೀ ಲಕ್ಕಮ್ಮಾ. 'ಏವಂ' ಅಂದ್ರೆ 'ಮತ್ತು'."

ಹೊಳೆನರಸೀಪುರದಿಂದ ವಾಪಸು ಬರುವಾಗ ಸೀಟು ಸಿಗಲಿಲ್ಲ. ನಿಂತೇ ಬಂದಳು, ಕಾಲು ನೋಯಲಿಲ್ಲ.

ಮನೆಯಲ್ಲಿ ಚನ್ನಪ್ಪ ಆ ಕೆಂಪು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. ಅವನಿಗೂ ಹಿಂದಿ ಬರದು. ಫೋನ್ ಹಚ್ಚಿ ಮೇಷ್ಟ್ರ ಬಾಯಲ್ಲೇ ಸಾಲುಸಾಲಾಗಿ ಅರ್ಥ ಹೇಳಿಸಿಕೊಂಡ. ಮೊದಲ ಜಗಳ ಬೇರೆಯದೇ ಬಂತು.

"ಗಂಡಿನ ಅಪ್ಪಂಗೆ 'ಶ್ರೀ ಅವಧೇಶ್ ಪಟೇಲ್ ಜೀ' ಅಂದವ್ರೆ. ನಂಗೆ ಬರೀ 'ಶ್ರೀ ಚನ್ನಪ್ಪಾ'. ಯಾಕ್ ಮೇಷ್ಟ್ರೇ, ನಂಗಿಲ್ವಾ ಜೀ? ಎಣ್ಣು ಕೊಡೋರು ಅಂದ್ರೆ ಅಷ್ಟು ಸದರನಾ?"

"ಕರೆಯೋರು ನೀವು ಕಣ್ರೀ ಚನ್ನಪ್ಪ. ತನ್ನ ಹೆಸರಿಗೆ ತಾನೇ ಯಾರಾದ್ರೂ ಜೀ ಹಾಕ್ಕೋತಾರಾ? 'ನಾನು ಚನ್ನಪ್ಪನವರು ಬಂದಿದ್ದೀನಿ' ಅಂತ ನೀವು ಯಾರ ಮನೆ ಬಾಗಿಲಲ್ಲಾದ್ರೂ ಹೇಳ್ತೀರಾ?"

"ಅದೆಲ್ಲ ನಂಗೊತ್ತಿಲ್ಲ. ಆಕಿದ್ರೆ ಇಬ್ರಿಗೂ ಆಕಿ. ಇಲ್ದಿದ್ರೆ ಇಬ್ರಿಗೂ ತೆಗೀರಿ."

"ಬೀಗರಿಗೆ ತೆಗೆದ್ರೆ ಮದುವೆಗೆ ಮೊದಲೇ ಮುನಿಸು!"

ಈ 'ಜೀ' ಎಳೆದಾಟ ಮುಗಿಯುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ಒರಲತೊಡಗಿತ್ತು. ಲಕ್ಕಮ್ಮ ಹಾಲು ಕರೆದು ಬಂದಳು. ಬಂದಾಗ ಫೋನು ಆಫಾಗಿತ್ತು. ಚನ್ನಪ್ಪ ಬಾಲ್‌ಪೆನ್ನಿನಿಂದ ಒಂದು ಕಡೆ ಗಟ್ಟಿಯಾಗಿ ಗೀಚುತ್ತಿದ್ದ. ಎಲ್ಲಿ ಗೀಚುತ್ತಿದ್ದಾನೆಂದು ಅಕ್ಷರ ಬರದಿದ್ದರೂ ಗೊತ್ತಾಯಿತು. ಮೇಷ್ಟ್ರು ಬರೆದಾಗ ಆ ಜಾಗವನ್ನು ಅವಳು ಕಣ್ಣಿನಲ್ಲಿ ತುಂಬಿಕೊಂಡಿದ್ದಳು.

"ಅದ್ಯಾಕೆ ಒಡೀತಿದ್ದೀಯ ಬಾವ?"

"ಕನ್ನಡದ್ರಲ್ಲಿ ಏನೈತೋ ಅದೇ ಇದ್ರಲ್ಲೂ ಇರ‍್ಲಿ. ಎಲ್ಡೂ ಒಂದೇ ತರ ಇರ‍್ಬೇಕು. ಒಂದ್ರಲ್ಲಿ ಐತೆ, ಒಂದ್ರಲ್ಲಿಲ್ಲ ಅಂದ್ರೆ ನೋಡ್ದೋರು ಏನಂದಾರು?"

"ನಿಸರ್ಗಂಗೆ 'ನೋಡುವ' ಅಂದಿದ್ಯಲ್ಲ?"

"ನೋಡಿದ್ನಲ್ಲ ಈಗ."

ರೇವಮ್ಮ ಒಳಗಿನಿಂದ ಸಮಾಧಾನಕ್ಕೆ ಬಂದಳು. "ಓಗ್ಲಿ ಬುಡು ಲಕ್ಕಿ. ದೇವರ ಮುಂದೆ ಮಡಗೋ ಪತ್ರ. ಕುಂಕುಮ ಅಳಿಸ್ದೋರ ಎಸ್ರು ಯಾಕೆ ಅಂತ ಇವ್ರಿಗೆ ಅಳುಕು. ನಾನೇನೂ ಅನ್ನಲ್ಲಪ್ಪ."

"ನೀನೇನೂ ಅನ್ದೆ ಇಷ್ಟು ಅಂದ್ಯಲ್ಲಕ್ಕ, ಅಂದಿದ್ರೆ ಇನ್ನೇನ್ ಗತಿ!" ಎಂದು ಲಕ್ಕಮ್ಮ ಹಾಲಿನ ಕ್ಯಾನು ಎತ್ತಿಕೊಂಡು ಡೇರಿಯ ಹಾದಿ ಹಿಡಿದಳು. ಮಗಳಿಗೆ ಫೋನ್ ಮಾಡಿ ಹೇಳಲಿಲ್ಲ. ಹೇಳಿದರೆ ಅವಳು ಅಲ್ಲಿಂದ ದೊಡ್ಡಪ್ಪನಿಗೆ ಉಗಿಯುತ್ತಾಳೆ, ಇವನು ಧಾರೆಗೇ ನಿಲ್ಲುವುದಿಲ್ಲ ಎಂದು ಕೂರುತ್ತಾನೆ. ಮದುವೆ ಹತ್ತಿರ ಬಂದಿತ್ತು.

ಮರುದಿನ ಮತ್ತೆ ಬಸ್ಸು. ಚನ್ನಪ್ಪ ಗೀಚಿದ್ದನ್ನು ಮೇಷ್ಟ್ರು ನೋಡಿ, ಮೂಗಿನ ಮೇಲೆ ಕನ್ನಡಕ ಇಳಿಸಿ, "ಹೂಂ" ಎಂದರು.

"ಸಾ, ಬಾವಂಗೆ ಇಂದಿ ಬರಲ್ಲ" ಎಂದಳು ಲಕ್ಕಮ್ಮ, ಮೆಲ್ಲಗೆ. "ಅಕ್ಕಂಗೂ ಬರಲ್ಲ. ನಮ್ಮೂರಲ್ಲಿ ಯಾರ‍್ಗೂ ಬರಲ್ಲ. ನೀವು ಅಂಗೇ ಬುಟ್ಬುಟ್ರೆ ಯಾರ‍್ಗೆ ಗೊತ್ತಾಯ್ತದೆ?"

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಆಸೆ ಅವರಿಗೂ ಆಯಿತೇನೋ. ಕೊನೆಗೆ ತಲೆ ಅಲ್ಲಾಡಿಸಿದರು. "ಪ್ರೂಫ್ ತಿದ್ದೋನು ಅಂದ್ರೆ ಕಳೆ ಕೀಳೋ ಆಳಿದ್ದಂಗೆ ಲಕ್ಕಮ್ಮ. ಏನು ಬಿತ್ತಬೇಕು ಅನ್ನೋದು ಹೊಲದವರದ್ದು. ಕಣ್ಣು ಕಾಣದೋರ ಕೈಯಲ್ಲಿ ಸೈನ್ ಹಾಕಿಸ್ಕೊಂಡಂಗಾಗುತ್ತೆ. ನಾನು ಮಾಡಲ್ಲ."

"ಅಂಗಾದ್ರೆ ಅವತ್ಯಾಕೆ ಬರುದ್ರಿ?" ಅವಳ ದನಿ ಏರಿತು. "ಬರ‍್ದು ಓದಿ ಯೋಳ್ಬಾರ‍್ದಿತ್ತು. ಈಗ ನಂಗೆ ಬರೀ ಅದೇ ಕಾಣ್ತದೆ. ಕೊಕ್ಕೆ ಎಲ್ಲಿ ಕೂರ‍್ಬೇಕು, ಗೆರೆ ಎಲ್ಲಿ ನಿಲ್ಬೇಕು ಅಂತ ಅಷ್ಟು ಸಂಕಟ ಪಡ್ತೀರಲ್ಲ ಸಾ, ಒಂದು ಎಂಗ್ಸು ಎಲ್ಲಿ ನಿಲ್ಬೇಕು ಅಂತ ಯಾಕ್ ನಿಮ್ಗೆ ಅನ್ಸಲ್ಲ?"

ಮೇಷ್ಟ್ರು ಕೆಂಪು ಪೆನ್ನು ಎತ್ತಿಕೊಂಡು ಕೆಲಸಕ್ಕೆ ತೊಡಗಿದರು. ಉಳಿದದ್ದೆಲ್ಲ ಒಪ್ಪವಾಯಿತು: ಅಂಕಿಗಳು ಒಂದೇ ಬಗೆ, ಸಾಲಿನ ಕೊನೆಗೆಲ್ಲ ನಿಲುಗೆರೆ, ಬೀಗರ ಕಡೆಯ ಹಿರಿಯರಿಗೆಲ್ಲ ಜೀ, ಕರೆಯುವವರಿಗೆ ಯಾರಿಗೂ ಇಲ್ಲ. ಕೆಳಗೆ ಮಕ್ಕಳ ಹೆಸರಿನಲ್ಲಿ ಒಂದು ಸಾಲಿತ್ತು. ಸತ್ನಾದವರೇ ಹೇಳಿ ಹಾಕಿಸಿದ್ದು. 'ನಮ್ಮ ಚಿಕ್ಕಪ್ಪನ ಮದುವೆಗೆ ಖಂಡಿತ ಬನ್ನಿ' ಎಂದು ಪುಟ್ಟ ಮಕ್ಕಳು ಕರೆಯುವಂಥದ್ದು. ಅದರಲ್ಲಿ 'ಜರೂರ್' ಎನ್ನುವ ಕಡೆ 'ಜಲೂಲ್' ಎಂದಿತ್ತು. ಮೇಷ್ಟ್ರು ಅದನ್ನೂ ಎರಡು ಕಡೆ ಸುತ್ತು ಹಾಕಿ ತಿದ್ದಿದರು.

ಶಶಿಕುಮಾರ್ ತಿದ್ದಿದ ಪ್ರೂಫನ್ನು ಸತ್ನಾಕ್ಕೂ ಕಳಿಸಿದ. ಅಲ್ಲಿ ಕಾರ್ಡಿನ ಉಸ್ತುವಾರಿ ಹುಡುಗನ ದೊಡ್ಡಪ್ಪ ಗಿರಿಜಾಶಂಕರ್ ಪಟೇಲ್ ಅವರದು. ಊರಾಚೆಯ ಹಳ್ಳಿಯಲ್ಲಿರುವ, ಎಲ್ಲರೂ ದೊಡ್ಡಪ್ಪ ಎಂಬರ್ಥದಲ್ಲಿ 'ತಾವೂಜೀ' ಎನ್ನುವ ಮುದುಕರು. ಅವರ ಕಡೆಯ ಕಾರ್ಡೂ ಅದೇ ಹೊತ್ತಿಗೆ ಅಚ್ಚಿಗೆ ಹೋಗುವುದರಲ್ಲಿತ್ತು.

ಕೊನೆಯ ಪ್ರೂಫಿಗೆ ಎಲ್ಲರೂ ಚನ್ನರಾಯಪಟ್ಟಣದಲ್ಲೇ ಸೇರುವುದೆಂದಾಯಿತು. "ಈ ಕಾಗದ ಕಾಲೇಜಿಗೆ ಹೋಗೋ ನನ್ನ ಮೊಮ್ಮಗಳಿಗಿಂತ ಹೆಚ್ಚು ಬಸ್ ಹತ್ತಿದೆ, ಸಾಕು" ಎಂದು ಮೇಷ್ಟ್ರೇ ಹೊರಟು ಬಂದರು. ಚನ್ನಪ್ಪ ಸೈನ್ ಹಾಕಲು ಬಂದ. ಲಕ್ಕಮ್ಮ ಬರಬೇಕಾಗಿರಲಿಲ್ಲ, ಕವರಿಗೆ ಅರಿಸಿನ ಹಚ್ಚುವ ಶಾಸ್ತ್ರಕ್ಕೆ ಮೊದಲ ಕಾರ್ಡು ತರಬೇಕೆಂಬ ನೆಪ ಮಾಡಿಕೊಂಡು ಬಂದಳು. ಒಳಗೊಳಗೆ ಅವಳಿಗೇ ತನ್ನ ಮೇಲೆ ಸಿಟ್ಟು. ತನ್ನ ಹೆಸರಿಲ್ಲದ ಕಾರ್ಡಿಗೆ ಇಷ್ಟು ತಿರುಗುವುದು ಯಾಕೆ?

ಪ್ರೆಸ್ಸಿನ ತುಂಬ ಸೀಮೆಎಣ್ಣೆ, ಮಸಿ, ಹೊಸ ಕಾಗದದ ವಾಸನೆ. ಶಶಿಕುಮಾರ್ ಮುಖ ಊದಿಸಿಕೊಂಡಿದ್ದ.

"ಸತ್ನಾದಿಂದ ಬೈಗುಳ ಬಂದಿದೆ ಮೇಷ್ಟ್ರೇ. 'ಜಲೂಲ್' ಅನ್ನೋದನ್ನ ಯಾರು ತಿದ್ದಿದ್ದು ಅಂತ. ಅದು ಮಕ್ಕಳ ತೊದಲು ಮಾತಂತೆ. ಬೇಕಂತಲೇ ಹಂಗೆ ಬರೀತಾರಂತೆ. ನೀವು ಮಕ್ಕಳ ಬಾಯಿಗೆ ಹಲ್ಲು ಕಟ್ಟಿಸ್ಬಿಟ್ರಿ."

"ತಪ್ಪನ್ನೂ ಬೇಕಂತ ಬರೆಯೋ ಜನ ಇದ್ದಾರೆ ಅಂತ ನನಗೇನು ಕನಸು ಬೀಳುತ್ತಾ?" ಮೇಷ್ಟ್ರು ರೇಗಿದರು. "ಹಾಕು, ಜಲೂಲ್ ಅಂತಲೇ ಹಾಕು. ಎಲ್ಲಾ ಹಾಳಾಗಿ ಹೋಗ್ಲಿ."

"ಇನ್ನೊಂದಿದೆ. ಅವರ ಕಾರ್ಡನ್ನೂ ಕಳಿಸಿದ್ದಾರೆ. ನಮ್ಮ ಕಡೆ ಹೆಸರುಗಳ ಕಾಗುಣಿತ ಸರಿಯಿದೆಯಾ ನೋಡ್ಬೇಕಂತೆ. ಮಧ್ಯಾಹ್ನದ ಮೇಲೆ ಅಚ್ಚಿಗೆ ಹೋಗುತ್ತಂತೆ." ಅವನು ಅದನ್ನು ಕಾಗದಕ್ಕಿಳಿಸಿ ಕೊಟ್ಟ.

ಮೇಷ್ಟ್ರು ಪೆನ್ನು ಹಿಡಿದು ಓದುತ್ತ ಹೋದರು. ಚನ್ನಪ್ಪಾ, ಸರಿ. ಹಾಸನ್, ಸರಿ. ಇದ್ದಕ್ಕಿದ್ದಂತೆ ಪೆನ್ನನ್ನು ಮೇಜಿನ ಮೇಲಿಟ್ಟರು. ಕಾಗದವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು.

"ಏನ್ ಸಾ?" ಎಂದಳು ಲಕ್ಕಮ್ಮ. "ಮತ್ತೆ ಕೊಕ್ಕೆನಾ?"

"ಅಲ್ಲಮ್ಮ... ನಿಮ್ಮ ಹೆಸರಿದೆ ಇದರಲ್ಲಿ."

"ನನ್ನೆಸ್ರಾ!"

"ಇದೆ. ಆದರೆ..." ಮೇಷ್ಟ್ರು ಚನ್ನಪ್ಪನ ಕಡೆ ತಿರುಗಿದರು. "ಸ್ವರ್ಗೀಯ ಶ್ರೀ ಜವರಪ್ಪಾ ಏವಂ ಸ್ವರ್ಗೀಯ ಶ್ರೀಮತೀ ಲಕ್ಕಮ್ಮಾ. ನಿಮ್ಮ ತಮ್ಮನ ಹೆಂಡತಿಯನ್ನ ಸ್ವರ್ಗಕ್ಕೆ ಕಳಿಸಿಬಿಟ್ಟಿದ್ದಾರೆ."

ಹಿಂದುಗಡೆ ಮಿಷನ್ನು ಯಾವುದೋ ಲಾಡ್ಜಿನ ಕರಪತ್ರವನ್ನು ಒಂದೊಂದಾಗಿ ಉಗುಳುತ್ತಿತ್ತು.

"ಬಡ್ಡೀಮಕ್ಳು!" ಎಂದು ಚನ್ನಪ್ಪ ಎದ್ದ. "ಬದ್ಕಿರೋರ‍್ನ ಸಾಯ್ಸೋಕೆ ಅವ್ರಿಗೆ ಏನ್ ಕೊಬ್ಬು? ಮಾಡು ಫೋನ್!"

ಫೋನು ಮೇಷ್ಟ್ರೇ ಮಾಡಿದರು, ಎಲ್ಲರಿಗೂ ಕೇಳಿಸುವಂತೆ. ಪುಸ್ತಕದ ಹಿಂದಿಯಲ್ಲಿ ಒಂದೊಂದೇ ಪದ ಜೋಡಿಸಿ ಕೇಳಿದರು. ತಾವೂಜೀ ಕೆಮ್ಮುತ್ತ, ತಗ್ಗಿದ ದನಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ಮೇಷ್ಟ್ರು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಕನ್ನಡಕ್ಕೆ ತಂದರು.

"ನಾವು ಕಳಿಸಿದ ಕಾರ್ಡಲ್ಲಿ ತಾಯಿ ಹೆಸರು ಇರಲಿಲ್ಲವಂತೆ. ತಂದೆ ತೀರಿಕೊಂಡಿದ್ದಾರೆ, ಕರೆಯೋರು ದೊಡ್ಡಪ್ಪ ದೊಡ್ಡಮ್ಮ, ನಿಶ್ಚಿತಾರ್ಥಕ್ಕೂ ತಾಯಿ ಅಂತ ಯಾರೂ ಬಂದಿರಲಿಲ್ಲ. ಪಾಪ, ತಾಯಿಯೂ ಇಲ್ಲ ಅಂದುಕೊಂಡರಂತೆ. ಜಾತಕದ ಕಾಗದದಲ್ಲಿ ಹೆಸರು ಸಿಕ್ಕಿತಂತೆ. ಸತ್ತವರನ್ನ ಬಿಡಬಾರದು, ಗೌರವದಿಂದ ಸೇರಿಸೋಣ ಅಂತ ಸೇರಿಸಿದರಂತೆ. ಮದುವೆ ಮನೇಲಿ ಸಾವಿನ ಮಾತು ಎತ್ತೋದು ಹೇಗೆ ಅಂತ ಹುಡುಗನನ್ನಾಗಲಿ ಅವನ ಅಪ್ಪ ಅಮ್ಮನನ್ನಾಗಲಿ ಕೇಳಲಿಲ್ಲವಂತೆ."

ಚನ್ನಪ್ಪ ನಿಂತವನು ಮೆಲ್ಲಗೆ ಸ್ಟೂಲಿನ ಮೇಲೆ ಕೂತ. ಬೈಯಲು ಬಾಯಿ ತೆರೆದವನಿಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

"ನನ್ನ ತಪ್ಪೂ ಇದೆ" ಎಂದರು ಮೇಷ್ಟ್ರು. "ಅವರ ಪದ್ಧತಿ ಗೊತ್ತಿದ್ದೋನು ನಾನು. ಜಾಗ ಖಾಲಿ ಬಿಟ್ಟರೆ ಅಲ್ಲಿನವರು ಹಿಂಗೇ ಓದ್ತಾರೆ ಅಂತ ನಿಮಗೆ ಹೇಳಬೇಕಿತ್ತು ಚನ್ನಪ್ಪ. ಹೇಳಲಿಲ್ಲ. ಚುಕ್ಕಿ ಗೆರೆ ನೋಡ್ತಾ ಕೂತೆ."

"ನಮ್ಮೂರಲ್ಲಿ ಎಸ್ರು ಬುಟ್ರೆ ಯಾರೂ ಸಾಯಲ್ಲ" ಎಂದು ಚನ್ನಪ್ಪ ಗೊಣಗಿದ. "ಎದುರ‍್ಗೇ ಓಡಾಡ್ತಿರ್ತಾಳೆ, ಕಾಣಲ್ವಾ?"

"ಅಲ್ಲಿ ಯಾರು ಕಂಡವ್ರೆ ಬಾವ ನನ್ನ?" ಎಂದಳು ಲಕ್ಕಮ್ಮ. ಅಳು ಬರಬೇಕಿತ್ತು, ಬಂದದ್ದು ರೋಷ. "ಕರು ಈಯ್ತದೆ ಅಂತ ಮನೇಲಿ ಬುಟ್ರಿ. ಕುಂಕುಮ ಇಲ್ಲ ಅಂತ ಕಾರ್ಡಲ್ಲಿ ಬುಟ್ರಿ. ಬುಟ್ಟು ಬುಟ್ಟು ಎಲ್ಲಿಗ್ ತಂದ್ರಿ ನೋಡು. ಕೊಡಿ ಇಲ್ಲಿ ಅದ."

ಮೇಷ್ಟ್ರ ಕೈಯಿಂದ ಫೋನು ಕಿತ್ತುಕೊಂಡಳು. ಸತ್ನಾದ ಹಳ್ಳಿಯ ಆ ಮುದುಕರಿಗೆ, ಹಾಸನ ಸೀಮೆಯ ಕನ್ನಡದಲ್ಲೇ, ಆಚೆ ಹೊಲದವರನ್ನು ಕೂಗುವ ಗಂಟಲಿನಲ್ಲಿ ಹೇಳಿದಳು:

"ಕೇಳಿ ಸ್ವಾಮಿ, ನಾನು ಲಕ್ಕಮ್ಮ. ನಿಸರ್ಗನ ಅವ್ವ. ಬದ್ಕಿವ್ನಿ! ಗಟ್ಟಿಮುಟ್ಟಾಗಿವ್ನಿ. ಮದ್ವೆಗೆ ಬನ್ನಿ, ನಿಮ್ಗೆ ನಾನೇ ಕಾಲ್ಗೆ ನೀರು ಕೊಡ್ತೀನಿ. ಆಗ ನೋಡೀರಂತೆ!"

ಮೇಷ್ಟ್ರು ಬಗ್ಗಿ ಫೋನಿನೊಳಗೆ, "ಲಡ್ಕೀ ಕೀ ಮಾತಾಜೀ ಹೈಂ. ಮೇರೇ ಸಾಮ್ನೇ ಬೈಠೀ ಹೈಂ" ಎಂದರು. ಹುಡುಗಿಯ ತಾಯಿ, ನನ್ನೆದುರಿಗೇ ಕೂತಿದ್ದಾರೆ ಎಂದು. ಕೂತಿದ್ದಾರೆ ಎಂದದ್ದು ಮಾತ್ರ ತಪ್ಪು. ಲಕ್ಕಮ್ಮ ಎದ್ದು ನಿಂತಿದ್ದಳು. "ಹೇ ಭಗವಾನ್!" ಎಂದರು ತಾವೂಜೀ. ಆಮೇಲೆ 'ಕ್ಷಮಾ, ಕ್ಷಮಾ' ಎಂಬುದೊಂದೇ ಕೇಳಿಸುತ್ತಿತ್ತು. ಅದಕ್ಕೆ ಅನುವಾದ ಬೇಕಾಗಲಿಲ್ಲ.

"ಅವರು ತೆಗೀತಾರಂತೆ, ಈಗಲೇ" ಎಂದರು ಮೇಷ್ಟ್ರು. "ಬರೀ 'ಶ್ರೀಮತೀ ಲಕ್ಕಮ್ಮಾ' ಅಂತ ಹಾಕ್ತಾರೆ. ಆದರೆ ಕೇಳ್ತಿದ್ದಾರೆ, ನಿಮ್ಮ ಕಾರ್ಡಲ್ಲಿ ಹೇಗೆ, ಎರಡೂ ಒಂದೇ ಥರ ಬೇಡ್ವಾ ಅಂತ. ಏನು ಹೇಳಲಿ ಚನ್ನಪ್ಪ?"

ಚನ್ನಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. ಲಕ್ಕಮ್ಮನ ಮುಖ ನೋಡಲಿಲ್ಲ. "ಆಕಿ. ಅದೇನ್ ಆಕ್ಬೇಕೋ ಆಕಿ ಅತ್ಲಾಗೆ. ಸಾಯ್ಸೋದ್ಕಿಂತ ಆಕೋದು ವಾಸಿ. ನಂಗೆ ಬ್ಯಾರನ್ ತಾವ ಆಳು ಕಾಯ್ತಾವ್ರೆ." ಬಾಗಿಲ ತನಕ ಹೋದವನು ನಿಂತು, "ಸೈನು ಅವ್ಳೇ ಆಕ್ಲಿ. ನಂಗೆ ಈ ಇಂದಿ ಸವಾಸನೇ ಬ್ಯಾಡ" ಎಂದು ಹೊರಟುಹೋದ.

ಒಪ್ಪಿದನೋ, ಕೈತೊಳೆದುಕೊಂಡನೋ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಲಕ್ಕಮ್ಮ ಅದನ್ನು ಕೇಳಲೂ ಹೋಗಲಿಲ್ಲ.

ಶಶಿಕುಮಾರ್ ಗೊಣಗಿಕೊಂಡೇ ಕಂಪ್ಯೂಟರಿನ ಮುಂದೆ ಕೂತ. ಒಂದು ಹೆಸರು ಸೇರಿಸಿದರೆ ಸಾಲು ಉದ್ದವಾಗಿ ಮುರಿದು ಕೆಳಗಿನ ಸಾಲಿಗೆ ಬೀಳುತ್ತದೆ. ಹೂವಿನ ಅಂಚು ಸರಿಯುತ್ತದೆ. ಅಕ್ಷರ ಒಂದಿಷ್ಟು ಸಣ್ಣದು ಮಾಡಲೇ ಎಂದು ಕೇಳಿದ.

"ಅವರೊಬ್ಬರ ಹೆಸರು ಸಣ್ಣ ಮಾಡಿದ್ರೆ ನೋಡು!" ಮೇಷ್ಟ್ರು ಗದರಿದರು. "ಗಂಡಿನ ಅಪ್ಪ ಅಮ್ಮನ ಸಾಲು ಯಾವ ಅಳತೆ, ಇದೂ ಅದೇ ಅಳತೆ. ಹೂವನ್ನ ಕತ್ತರಿಸು."

ಹೂವು ಹೋಯಿತು. ಹೊಸ ಪ್ರೂಫ್ ಬಂತು. ಮೇಷ್ಟ್ರು ಮೊದಲಿಂದ ಕೊನೆವರೆಗೆ ಮತ್ತೆ ಜೋರಾಗಿ ಓದಿದರು. ಹೆಸರು ಸೇರಿಸುವ ಭರದಲ್ಲಿ ಶಶಿಕುಮಾರ್ 'ಶ್ರೀಮತೀ'ಯನ್ನು ಪುನಃ ಗಿಡ್ಡ ಮಾಡಿದ್ದ. ಮೇಷ್ಟ್ರು ತಲೆ ಚಚ್ಚಿಕೊಂಡರು. ಅದನ್ನೂ ತಿದ್ದಿ ಇನ್ನೊಂದು ಪ್ರೂಫ್ ತೆಗೆದದ್ದಾಯಿತು.

"ಇಲ್ಲಿ ಸೈನ್ ಹಾಕಮ್ಮ" ಎಂದು ಶಶಿಕುಮಾರ್ ಕಾಗದ ಮುಂದಿಟ್ಟ.

"ತಡಿ. ನನ್ನೆಸ್ರು ಯಾವ್ದು ಅಂತ ಮೊದ್ಲು ತೋರ್ಸು."

ಮೇಷ್ಟ್ರು ಪೆನ್ನಿನ ತುದಿ ಇಟ್ಟು ತೋರಿಸಿದರು. ತಲೆಯ ಮೇಲೆ ಒಂದೇ ಗೆರೆ, ಅದಕ್ಕೆ ಹಗ್ಗಕ್ಕೆ ಬಟ್ಟೆ ಹಾಕಿದಂತೆ ನೇತುಬಿದ್ದ ಅಕ್ಷರಗಳು. ಲಕ್ಕಮ್ಮ ಅದರ ಮೇಲೆ ಬೆರಳಿಟ್ಟು ತುಟಿ ಅಲ್ಲಾಡಿಸಿದಳು. ಪಕ್ಕದ ಹೆಸರನ್ನೂ ಕೇಳಿ ತಿಳಿದುಕೊಂಡಳು. ಜವರಪ್ಪನ ಹಿಂದೆ ಆ 'ಸ್ವ.' ಇತ್ತು, ತನ್ನ ಹಿಂದೆ ಇರಲಿಲ್ಲ. ಅದನ್ನು ನೋಡಿದಾಗ ಮಾತ್ರ ಅವಳ ಕಣ್ಣು ತುಂಬಿತು. ಸೆರಗಿನಿಂದ ಒತ್ತಿಕೊಂಡು, ಕನ್ನಡದಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಸೈನ್ ಹಾಕಿದಳು.

"ನೂರು ಕಾರ್ಡು ಅಲ್ವಾ?" ಎಂದ ಶಶಿಕುಮಾರ್.

"ಇನ್ನೊಂದಿಪ್ಪತ್ತೈದು ಜಾಸ್ತಿ ಆಕು. ನಮ್ಮೂರಿಗೆ."

"ನಿಮ್ಮೂರಲ್ಲಿ ಹಿಂದಿ ಯಾರಿಗಮ್ಮ ಬರುತ್ತೆ?"

"ಯಾರ‍್ಗೂ ಬ್ಯಾಡ. ನಾನು ಬೆರಳಿಟ್ಟು ತೋರಿಸ್ತೀನಿ" ಎಂದು ಲಕ್ಕಮ್ಮ, ಒಣಗಲು ಹರಡಿದ್ದ ಕವರುಗಳನ್ನು ಆಚೆ ಸರಿಸಿ, ಕಾರ್ಡು ಅಚ್ಚಾಗಿ ಕೈಗೆ ಬರುವ ತನಕ ಏಳುವುದಿಲ್ಲ ಎನ್ನುವಂತೆ ಬೆಂಚಿನ ಮೇಲೆ ಕೂತಳು.